ಬೇಸ್‌ಮೆಂಟಿಗೆ ನುಗ್ಗುವ ನೀರು, ಗ್ಯಾರೇಜಿಗೆ ಹೋಗುವ ಕಾರು: ನಿವಾಸಿಗಳ ಸಂಘಕ್ಕೆ ಒಂದು ಬಹಿರಂಗ ಪತ್ರ

ಸಂಘದ ಅಧ್ಯಕ್ಷರಿಗೆ, ಕಾರ್ಯದರ್ಶಿಯವರಿಗೆ, ಪದಾಧಿಕಾರಿಗಳಿಗೆ ಮತ್ತು ಬಾಡಿಗೆಗೆ ಇರುವವರೂ ಸೇರಿದಂತೆ ಎಲ್ಲ ನಿವಾಸಿಗಳಿಗೆ,

ನಮಸ್ಕಾರ. ನಿಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಡೆದ ಸಂಘದ ಸಭೆಯಲ್ಲಿ ನನಗೆ ಮಾತಾಡಲು ಕೊಟ್ಟ ಸಮಯ ಪ್ರಶ್ನೆಗಳಲ್ಲೇ ಮುಗಿದುಹೋಯಿತು. ಅದರಲ್ಲಿ ಯಾರದೂ ತಪ್ಪಿಲ್ಲ. ಕೇಳಿದ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತಿದ್ದವು: "ಬೇಸ್‌ಮೆಂಟಿಗೆ ನೀರು ನುಗ್ಗಿದರೆ ಕ್ಲೇಮ್ ಸಿಗುತ್ತಾ, ಇಲ್ವಾ?" ಅದಕ್ಕೆ ನಿಂತಲ್ಲೇ ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ವಿಮಾ ಕಂಪನಿಗಳ ಪರವಾಗಿ ಹಾಳಾದ ವಾಹನಗಳನ್ನು ನೋಡಿ ನಷ್ಟ ಅಂದಾಜು ಮಾಡುವ ಸರ್ವೇಯರ್ ಕೆಲಸ ನನ್ನದು. ಉಳಿದದ್ದನ್ನು ಬರವಣಿಗೆಯಲ್ಲಿ ಕೊಡುತ್ತಿದ್ದೇನೆ. ಬಹಿರಂಗವಾಗಿ ಬರೆಯುವುದಕ್ಕೆ ಕಾರಣವೂ ಇದೆ. ಸರ್ಜಾಪುರ ರಸ್ತೆಯಿಂದ ಯಲಹಂಕದವರೆಗೆ ಎಲ್ಲಿಗೆ ಹೋದರೂ ಕಾರು ಬೇಸ್‌ಮೆಂಟಿಗೆ ಇಳಿಯುವ ಅದೇ ಇಳಿಜಾರು, ಅದೇ ಪಂಪು, ಅದೇ ಗೊಂದಲ.

ಮೊದಲು ನೀರಿನ ಮಾತು. ಸಭೆಯಲ್ಲಿ ಖಜಾಂಚಿಯವರು "ನಮ್ಮಲ್ಲಿ 5 ಎಚ್‌ಪಿಯ ಎರಡು ಪಂಪುಗಳಿವೆ, ಹೆದರಬೇಕಾಗಿಲ್ಲ" ಎಂದರು. ಪಂಪುಗಳು ಚೆನ್ನಾಗಿಯೇ ಇವೆ, ನಾನೂ ನೋಡಿದೆ. ಆದರೆ ಅವನ್ನು ಕೂರಿಸಿರುವುದು ಬೇರೆ ಕೆಲಸಕ್ಕೆ. ನಿಮ್ಮ ಇಳಿಜಾರಿನ ಮೇಲೆ ಚಾವಣಿ ಇಲ್ಲ. ಅಗಲ 6 ಮೀಟರ್, ಉದ್ದ ಸುಮಾರು 20 ಮೀಟರ್. ಗಂಟೆಗೆ 100 ಮಿಲಿಮೀಟರಿನಷ್ಟು ಬಿರುಸಾದ ಮಳೆ ಅದರ ಮೇಲೆ ನೇರವಾಗಿ ಸುರಿದರೂ ಕೆಳಗೆ ಇಳಿಯುವುದು ಗಂಟೆಗೆ 12,000 ಲೀಟರ್, ಅಂದರೆ ಸೆಕೆಂಡಿಗೆ ಮೂರು ಲೀಟರ್ ಚಿಲ್ಲರೆ. ಗೋಡೆಯಿಂದ ಜಿನುಗುವ ನೀರನ್ನೂ ಸೇರಿಸಿಕೊಂಡರೆ ಒಂದೇ ಪಂಪು ಅದನ್ನೆಲ್ಲ ಸಲೀಸಾಗಿ ಎತ್ತುತ್ತದೆ. ಇಷ್ಟು ವರ್ಷ ನಿಮ್ಮ ಬೇಸ್‌ಮೆಂಟ್ ಒಣಗಿಯೇ ಇರುವುದಕ್ಕೆ ಇದೇ ಕಾರಣ.

ರಸ್ತೆಯ ನೀರು ಇಳಿಜಾರಿನ ತುದಿ ದಾಟಿ ಒಳಗೆ ಬಿದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ರಾಜಕಾಲುವೆ ತುಂಬಿ ಹಿಮ್ಮರಳಿದ ನೀರು ನಿಮ್ಮ ಗೇಟಿನ ಮುಂದೆ ನಿಂತಿದೆ, ತುದಿಯ ದಿಬ್ಬಕ್ಕಿಂತ ಬರೀ 10 ಸೆಂಟಿಮೀಟರ್ ಮೇಲಕ್ಕೆ ಬಂದಿದೆ ಎಂದುಕೊಳ್ಳಿ. ಪಾದ ಮುಳುಗುವಷ್ಟು, ಅಷ್ಟೇ. 6 ಮೀಟರ್ ಅಗಲದ ತುದಿಯ ಮೇಲೆ ಅಷ್ಟು ನೀರು ಹರಿದರೆ ಸೆಕೆಂಡಿಗೆ ಸುಮಾರು 300 ಲೀಟರ್ ಒಳಗೆ ಬೀಳುತ್ತದೆ. ಕೆರೆ ಕೋಡಿಯ ಮೇಲಿನ ಹರಿವನ್ನು ಎಂಜಿನಿಯರುಗಳು ಲೆಕ್ಕ ಹಾಕುವ ಸೂತ್ರವೇ ಇದಕ್ಕೂ ಸಲ್ಲುತ್ತದೆ. 10 ಸೆಂಟಿಮೀಟರ್ 15 ಆದರೆ ಹರಿವು ಒಂದೂವರೆ ಪಟ್ಟಲ್ಲ, ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 5 ಎಚ್‌ಪಿಯ ಒಳ್ಳೆಯ ಪಂಪು ಏಳೆಂಟು ಮೀಟರ್ ಮೇಲಕ್ಕೆ ಎತ್ತುವುದು ಸೆಕೆಂಡಿಗೆ 15ರಿಂದ 20 ಲೀಟರ್. ಎರಡೂ ಓಡಿದರೆ 40. ಉಳಿದ 260 ಲೀಟರ್ ಬೇಸ್‌ಮೆಂಟಿನಲ್ಲೇ ನಿಲ್ಲುತ್ತದೆ. ಎತ್ತಿದ 40 ಲೀಟರನ್ನಾದರೂ ಎಲ್ಲಿಗೆ ಬಿಡುತ್ತೀರಿ? ಅದೇ ರಸ್ತೆಗೆ. ಅದು ಸುತ್ತು ಹಾಕಿ ಮತ್ತೆ ಗೇಟಿಗೇ ಬರುತ್ತದೆ.

ನಿಮ್ಮ ಬೇಸ್‌ಮೆಂಟಿನ ನೆಲ ಅಂದಾಜು 2,000 ಚದರ ಮೀಟರ್. ಈ ವೇಗದಲ್ಲಿ ನೀರು ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಏರುತ್ತದೆ. ಅರ್ಧ ಗಂಟೆಯಲ್ಲಿ ಸಾಮಾನ್ಯ ಹ್ಯಾಚ್‌ಬ್ಯಾಕಿನ ಬಾಗಿಲಿನ ಕೆಳ ಅಂಚು ಮುಟ್ಟುತ್ತದೆ, ಒಂದು ಗಂಟೆಯಲ್ಲಿ ಸೀಟು. ಪಂಪುಗಳ ವಿದ್ಯುತ್ ಪ್ಯಾನೆಲ್ಲೂ ಬೇಸ್‌ಮೆಂಟಿನ ಗೋಡೆಯಲ್ಲೇ, ಮೊಣಕಾಲೆತ್ತರದಲ್ಲಿ ಇರುವುದರಿಂದ ಆ ಹೊತ್ತಿಗೆ ಪಂಪುಗಳೂ ನಿಂತಿರುತ್ತವೆ.

ಆದ್ದರಿಂದ ಸಂಘಕ್ಕೆ ನನ್ನ ಮೊದಲ ಮಾತು: ಇನ್ನೊಂದು ಪಂಪು ಕೊಳ್ಳುವ ಪ್ರಸ್ತಾಪವನ್ನು ಕೈಬಿಡಿ. ಆ ಹಣವನ್ನು ಗೇಟಿನಲ್ಲಿ ಹಾಕಿ. ಇಳಿಜಾರಿನ ತುದಿಯಲ್ಲಿ ಈಗಿರುವ ಉಬ್ಬು ನಾನು ಅಳೆದಾಗ ರಸ್ತೆಗಿಂತ ಒಂದು ಗೇಣೂ ಎತ್ತರ ಇರಲಿಲ್ಲ. ಮೊದಲು ಇನ್ನೂ ಎತ್ತರವಿದ್ದಿರಬೇಕು. ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋದರೆ ರಸ್ತೆ ಮೇಲೇಳುತ್ತದೆ, ನಿಮ್ಮ ಉಬ್ಬು ಇದ್ದಲ್ಲೇ ಇರುತ್ತದೆ. ಅದನ್ನು 30 ಸೆಂಟಿಮೀಟರಿಗೆ ಏರಿಸಬಹುದು. ಎರಡು ಕಡೆಯೂ ಉದ್ದನೆಯ ಇಳುಕಲು ಕೊಡಬೇಕು, ಇಲ್ಲದಿದ್ದರೆ ಕಾರಿನ ಹೊಟ್ಟೆ ತಾಗುತ್ತದೆ. ಅದರ ಮೇಲೆ ತೆಗೆದು ಹಾಕುವ ತಡೆ ಹಲಗೆ: ಎರಡು ಬದಿಯ ಗೋಡೆಗೆ ತೋಡಿನಂತೆ ಕೂರಿಸಿದ ಲೋಹದ ಚಾನೆಲ್ಲು, ಅದರೊಳಗೆ ಒಂದರ ಮೇಲೊಂದು ಇಳಿಸುವ ಅಲ್ಯೂಮಿನಿಯಂ ಹಲಗೆಗಳು, ಅಡಿಯಲ್ಲಿ ರಬ್ಬರಿನ ಪಟ್ಟಿ. ಅಭ್ಯಾಸವಿದ್ದರೆ ಇಬ್ಬರು ಸೆಕ್ಯುರಿಟಿಯವರು ಕೆಲವೇ ನಿಮಿಷಗಳಲ್ಲಿ ಹಾಕುತ್ತಾರೆ. ಹಲಗೆಗಳನ್ನು ಕ್ಲಬ್‌ಹೌಸಿನ ಸ್ಟೋರಿನಲ್ಲಿಟ್ಟು ಕೀಯನ್ನು ಮ್ಯಾನೇಜರ್ ಮನೆಗೆ ಒಯ್ದರೆ ಮಾತ್ರ ಎಂದಿಗೂ ಹಾಕಲಾಗುವುದಿಲ್ಲ. ಅವು ಇಳಿಜಾರಿನ ಪಕ್ಕದಲ್ಲೇ ಇರಬೇಕು.

ತಡೆ ಹಲಗೆಗೂ ಒಂದು ಮಿತಿ ಇದೆ. ಕಟ್ಟಡದ ಅತಿ ತಗ್ಗಿನ ಕಿಂಡಿ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ನಿಮ್ಮ ರಕ್ಷಣೆ. ನಿಮ್ಮ ಕಟ್ಟಡದ ಹಿಂಬದಿಯಲ್ಲಿ ಬೇಸ್‌ಮೆಂಟಿನ ಗಾಳಿಕಿಂಡಿಗಳು ಹೂವಿನ ಮಡಿಯ ಮಟ್ಟಕ್ಕೇ ಬಾಯಿ ತೆರೆದಿವೆ. ಮುಂದೆ 90 ಸೆಂಟಿಮೀಟರ್ ತಡೆ ಹಾಕಿಯೂ ಹಿಂದೆ ಆ ಕಿಂಡಿಗೆ ಕಟ್ಟೆ ಕಟ್ಟದಿದ್ದರೆ ನೀರು ಅಲ್ಲಿಂದ ಇಳಿಯುತ್ತದೆ. ಬೆಸ್ಕಾಂ ಕೇಬಲ್ ಒಳಬರುವ ಪೈಪಿನ ಬಾಯಿಯೂ ಹಾಗೆಯೇ, ಮುಚ್ಚಿಲ್ಲ. ಪಂಪಿನ ಹೊರಪೈಪಿಗೆ ಹಿಮ್ಮರಳು ತಡೆಯುವ ವಾಲ್ವ್ ಇಲ್ಲದಿದ್ದರೆ, ಪಂಪು ನಿಂತ ಕ್ಷಣ ಮೋರಿಯ ನೀರು ಅದೇ ಪೈಪಿನಲ್ಲಿ ಒಳಗೆ ಬರುತ್ತದೆ. ಈ ಮೂರನ್ನೂ ಒಬ್ಬ ಪ್ಲಂಬರ್ ಮತ್ತು ಒಬ್ಬ ಗಾರೆಯವರು ಒಂದು ವಾರದಲ್ಲಿ ಸರಿಮಾಡುವ ಕೆಲಸ.

ಇನ್ನು ಮಳೆಯ ರಾತ್ರಿ. ಇದನ್ನು ಸಭೆಯಲ್ಲಿ ಸರಿಯಾಗಿ ಹೇಳಲಾಗಲಿಲ್ಲ, ಹೇಳಲೇಬೇಕಾದದ್ದೂ ಇದೇ.

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಹೊರವರ್ತುಲ ರಸ್ತೆ, ಯಮಲೂರು, ಬೆಳ್ಳಂದೂರು ಸುತ್ತಮುತ್ತ ಟ್ರ್ಯಾಕ್ಟರುಗಳಲ್ಲಿ ಜನ ಓಡಾಡಿದ್ದು ನಿಮಗೆ ನೆನಪಿರಬಹುದು. ಅದೇ ವಾರ ದಕ್ಷಿಣ ಕೊರಿಯಾದ ಪೋಹಾಂಗ್ ನಗರದಲ್ಲಿ ಹಿನ್ನಮ್ನೋರ್ ಚಂಡಮಾರುತ ಬಂತು. ಅಲ್ಲಿನ ಒಂದು ಅಪಾರ್ಟ್‌ಮೆಂಟಿನ ಆಡಳಿತ ಕಚೇರಿ ಬೇಸ್‌ಮೆಂಟಿನಿಂದ ಕಾರುಗಳನ್ನು ಹೊರತೆಗೆಯಿರಿ ಎಂದು ಧ್ವನಿವರ್ಧಕದಲ್ಲಿ ಕೂಗಿ ಹೇಳಿತು. ಇಳಿದವರ ಮೇಲೆ ಪಕ್ಕದ ಹಳ್ಳದ ನೀರು ನುಗ್ಗಿತು. ಏಳು ಜನ ಸತ್ತರು. ಇಬ್ಬರು ಚಾವಣಿಯಡಿಯ ಪೈಪುಗಳ ಆಸರೆಯಲ್ಲಿ ಗಂಟೆಗಟ್ಟಲೆ ಕಾದು ಬದುಕಿದರು. ನಮ್ಮ ಊರಿನಲ್ಲೇ 2025ರ ಮೇ ತಿಂಗಳ ಮಳೆಯಲ್ಲಿ, ಬಿಟಿಎಂ ಲೇಔಟ್ ಹತ್ತಿರದ ಎನ್.ಎಸ್. ಪಾಳ್ಯದ ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟಿನ ನೀರನ್ನು ಮೋಟರ್ ಹಾಕಿ ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ತೀರಿಕೊಂಡರು. ಒಬ್ಬ ಹನ್ನೆರಡು ವರ್ಷದ ಹುಡುಗ.

ಆದ್ದರಿಂದ ನಿಯಮ ಎರಡೇ ಇರಲಿ. ಗೇಟಿನ ಹೊರಗಿನ ಮೋರಿಯ ಗೋಡೆಗೆ ಒಂದು ಕೆಂಪು ಗೆರೆ ಎಳೆಯಿರಿ. ನೀರು ಆ ಗೆರೆ ಮುಟ್ಟಿದಾಗ, ರಸ್ತೆ ಇನ್ನೂ ಕಾಣುತ್ತಿರುವಾಗಲೇ, ಕಾರು ತೆಗೆಯುವವರು ತೆಗೆಯಲಿ ಎಂದು ಸಂದೇಶ ಹೋಗಬೇಕು. ಅರ್ಧ ಗಂಟೆ ಕಳೆದ ಮೇಲೆ ಹಲಗೆ ಬೀಳಬೇಕು. ಹಲಗೆ ಬಿದ್ದ ಮೇಲೆ, ಅಥವಾ ಅದಕ್ಕೂ ಮೊದಲೇ ನೀರು ತುದಿ ದಾಟಿದರೆ, ಯಾರೂ ಕೆಳಗೆ ಇಳಿಯುವ ಹಾಗಿಲ್ಲ: ಅಧ್ಯಕ್ಷರೂ ಇಲ್ಲ, ಎಲೆಕ್ಟ್ರೀಷಿಯನ್ನೂ ಇಲ್ಲ. ಲಿಫ್ಟು ಬೇಸ್‌ಮೆಂಟಿಗೆ ಹೋಗದ ಹಾಗೆ ಮೇಲೆಯೇ ನಿಲ್ಲಿಸಬೇಕು. ಸಭೆಯಲ್ಲಿ ಒಬ್ಬ ಹಿರಿಯರು "ಗಾಡಿ ಉಳಿಸಿಕೊಳ್ಳೋಕೆ ಪ್ರಯತ್ನ ಮಾಡ್ಲಿಲ್ಲ ಅಂತ ಕಂಪನಿಯವರು ಕ್ಲೇಮ್ ತಳ್ಳಿ ಹಾಕ್ತಾರಾ?" ಎಂದು ಕೇಳಿದ್ದರು. ಸರ್, ತಳ್ಳಿ ಹಾಕುವ ಹಾಗಿಲ್ಲ. ವಾಹನದ ರಕ್ಷಣೆಗೆ ಯುಕ್ತವಾದ ಕ್ರಮ ಕೈಗೊಳ್ಳಬೇಕು ಎಂಬ ಷರತ್ತು ಪಾಲಿಸಿಯಲ್ಲಿ ಇದೆ, ನಿಜ. ಆದರೆ ವಿದ್ಯುತ್ ಹರಿಯುತ್ತಿರಬಹುದಾದ ನೀರಿಗೆ ಇಳಿಯುವುದನ್ನು ಯಾರೂ ಯುಕ್ತ ಕ್ರಮ ಎನ್ನಲಾರರು. ಆ ಷರತ್ತು ಕಚ್ಚುವುದು ಬೇರೆ ಜಾಗದಲ್ಲಿ, ನೀರು ಇಳಿದ ಮೇಲೆ.

ನೀರು ಇಳಿದ ಮರುದಿನ ಬೆಳಿಗ್ಗೆ ನಡೆಯುವುದನ್ನು ಹೇಳುತ್ತೇನೆ. ಬೇಸ್‌ಮೆಂಟಿನಲ್ಲಿ ಕೆಸರು, ಡೀಸೆಲ್ ವಾಸನೆ. ಕಾರು ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ. ಮಾಲೀಕರು ಬಾಗಿಲು ತೆಗೆಯುತ್ತಾರೆ, ಮ್ಯಾಟಿನ ಮೇಲಿನ ನೀರನ್ನು ಕೈಯಿಂದ ಬಳಿದು ಹಾಕುತ್ತಾರೆ. ಆಮೇಲೆ, ಒಂದೇ ಒಂದು ಸಲ ನೋಡೋಣ ಎಂದು ಸೆಲ್ಫ್ ಹೊಡೆಯುತ್ತಾರೆ. ಬೇಸ್‌ಮೆಂಟಿನ ಪ್ರವಾಹದಲ್ಲಿ ಕಳೆದುಹೋಗುವ ಹಣದಲ್ಲಿ ದೊಡ್ಡ ಪಾಲು ಆ ಒಂದು ಸೆಕೆಂಡಿನಲ್ಲಿ ಹೋಗುತ್ತದೆ.

ಎಂಜಿನ್ ಒಳಗೆ ಗಾಳಿ ಎಳೆದುಕೊಳ್ಳುವ ಕೊಳವೆಯಿಂದ ನೀರು ಸಿಲಿಂಡರಿಗೆ ಇಳಿದಿರುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸೆಲ್ಫ್ ಮೋಟರ್ ಪಿಸ್ಟನ್ನನ್ನು ಮೇಲಕ್ಕೆ ತಳ್ಳುತ್ತದೆ, ಮೇಲೆ ನೀರು ದಾರಿ ಬಿಡುವುದಿಲ್ಲ, ನಡುವೆ ಸಿಕ್ಕ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಎಂಜಿನ್ ಸ್ಟಾರ್ಟ್ ಆಗಿ ಓಡತೊಡಗಿದರಂತೂ ರಾಡ್ ಮುರಿದು ಬ್ಲಾಕನ್ನೇ ತೂತು ಮಾಡಬಹುದು. ವಿಮೆಯ ದೃಷ್ಟಿಯಲ್ಲಿ ಮುಖ್ಯವಾದದ್ದು ಇದು: ಸುಮ್ಮನೆ ನಿಂತಿದ್ದ ಎಂಜಿನ್ನಿನಲ್ಲಿ ರಾಡ್ ಬಗ್ಗಲು ಸಾಧ್ಯವೇ ಇಲ್ಲ. ನೀರು ನಿಂತು ಎಂಜಿನ್ ತುಕ್ಕು ಹಿಡಿಯಬಹುದು, ಆಯಿಲ್ ಹಾಲು ಕಲೆಸಿದ ಕಾಫಿಯ ಬಣ್ಣಕ್ಕೆ ತಿರುಗಬಹುದು, ಏರ್ ಫಿಲ್ಟರ್ ನೆನೆದು ಮುದ್ದೆಯಾಗಬಹುದು. ಇವೆಲ್ಲ ಪ್ರವಾಹವೇ ಮಾಡಿದ ಹಾನಿ. ರಾಡ್ ಬಗ್ಗಿದರೆ ಯಾರೋ ತಿರುಗಿಸಿದ್ದಾರೆ ಎಂದೇ ಅರ್ಥ. ಆಗ ಕಂಪನಿ ಅದನ್ನು ಪ್ರವಾಹದ ನೇರ ಹಾನಿ ಎಂದು ಒಪ್ಪದೆ, ಆಮೇಲೆ ಉಂಟಾದ ಪರಿಣಾಮದ ನಷ್ಟ ಎಂದು ಬೇರೆ ಮಾಡುತ್ತದೆ. ಪರಿಣಾಮದ ನಷ್ಟ ಮೂಲ ಪಾಲಿಸಿಯಿಂದ ಹೊರಗೆ. ಹಾಳಾದ ವಾಹನವನ್ನು ರಿಪೇರಿ ಮಾಡಿಸದೆ ಓಡಿಸಿದರೆ ಆಮೇಲೆ ಹೆಚ್ಚುವ ಹಾನಿ ಮಾಲೀಕರ ಹೊಣೆ ಎಂದು ಪಾಲಿಸಿಯ ಷರತ್ತೂ ಹೇಳುತ್ತದೆ.

"ನಾವು ಸ್ಟಾರ್ಟ್ ಮಾಡೇ ಇಲ್ಲ ಅಂದ್ರೆ?" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದಾಗ ಎಲ್ಲರೂ ನಕ್ಕರು. ಅದಕ್ಕೂ ಉತ್ತರ ಕೊಡುತ್ತೇನೆ. ಎಂಜಿನ್ ಬಿಚ್ಚಿಸಿ ಸಿಲಿಂಡರಿನ ಒಳಗೋಡೆ ನೋಡುತ್ತೇವೆ. ಪಿಸ್ಟನ್ ಏರುವ ತುದಿಯಲ್ಲಿ ಮಸಿಯ ಒಂದು ಪಟ್ಟಿ ಕಟ್ಟಿರುತ್ತದೆ. ರಾಡ್ ಬಗ್ಗಿದ ಸಿಲಿಂಡರಿನಲ್ಲಿ ಪಿಸ್ಟನ್ ಮೊದಲಿನಷ್ಟು ಮೇಲಕ್ಕೆ ಬರುವುದಿಲ್ಲ. ಹಾಗೇ ಸ್ವಲ್ಪ ಓಡಿದ್ದರೆ ಆ ಪಟ್ಟಿ ಪಕ್ಕದ ಸಿಲಿಂಡರಿಗಿಂತ ಅಗಲವಾಗಿರುತ್ತದೆ. ಜೊತೆಗೆ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿದರೆ ದೋಷ ದಾಖಲಾದಾಗ ಎಂಜಿನ್ ಎಷ್ಟು ಸುತ್ತು ತಿರುಗುತ್ತಿತ್ತು ಎಂಬುದೂ ಹಲವು ಸಲ ಸಿಗುತ್ತದೆ. ಸ್ಟಾರ್ಟ್ ಮಾಡಿದ್ದರೆ ಮಾಡಿದೆ ಎಂದೇ ಫಾರಂನಲ್ಲಿ ಬರೆಯಿರಿ. ಆಗ ಎಂಜಿನ್ನಿನ ಭಾಗ ಮಾತ್ರ ಹೋಗುತ್ತದೆ. ಸುಳ್ಳು ಬರೆದು ಸಿಕ್ಕಿಬಿದ್ದರೆ ಸೀಟು, ವೈರಿಂಗು ಸಮೇತ ಇಡೀ ಕ್ಲೇಮಿಗೇ ಕುತ್ತು.

ಈಗ ದುಡ್ಡಿನ ಲೆಕ್ಕ. ಅರ್ಥವಾಗಲೆಂದು ದುಂಡು ಅಂಕಿಗಳಲ್ಲಿ ಒಂದು ಉದಾಹರಣೆ ಕಟ್ಟಿದ್ದೇನೆ, ಜಿಎಸ್‌ಟಿ ಬಿಟ್ಟಿದ್ದೇನೆ. ಮೂರೂವರೆ ವರ್ಷ ಹಳೆಯ 1,200 ಸಿಸಿ ಪೆಟ್ರೋಲ್ ಕಾರು. ಪಾಲಿಸಿಯಲ್ಲಿ ಬರೆದ ವಿಮಾ ಮೌಲ್ಯ, ಅಂದರೆ ಐಡಿವಿ, 6 ಲಕ್ಷ. ನೀರು ಸೀಟಿನವರೆಗೆ ಬಂದಿತ್ತು. ಯಾರೂ ಸ್ಟಾರ್ಟ್ ಮಾಡಲಿಲ್ಲ. ಗ್ಯಾರೇಜಿನ ಎಸ್ಟಿಮೇಟು ಹೀಗೆ: ಎಲೆಕ್ಟ್ರಾನಿಕ್ ಭಾಗಗಳು 90,000, ಕಾರ್ಪೆಟ್ಟು ಮತ್ತು ಪ್ಲಾಸ್ಟಿಕ್ ಭಾಗಗಳು 40,000, ಬ್ಯಾಟರಿ 6,000, ಆಯಿಲು, ಕೂಲೆಂಟು, ಬ್ರೇಕ್ ದ್ರವ ಇತ್ಯಾದಿ 12,000, ಕೂಲಿ 35,000. ಒಟ್ಟು 1,83,000.

ಮೂಲ ಪಾಲಿಸಿಯಲ್ಲಿ ಹೊಸ ಬಿಡಿಭಾಗ ಹಾಕಿದಾಗ ಹಳೆಯದರ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ನೈಲಾನ್, ಬ್ಯಾಟರಿಗಳಿಗೆ ಕಾರು ಎಷ್ಟೇ ಹೊಸದಿರಲಿ 50%. ಗಾಜಿಗೆ ಏನೂ ಇಲ್ಲ. ಉಳಿದ ಭಾಗಗಳಿಗೆ ವಯಸ್ಸಿನ ಮೇಲೆ: ಮೂರರಿಂದ ನಾಲ್ಕು ವರ್ಷದ ಕಾರಿಗೆ 25%. ಕೂಲಿಗೆ ಕಡಿತವಿಲ್ಲ. ಆಯಿಲು, ಕೂಲೆಂಟಿನಂಥ ಖರ್ಚಾಗುವ ಸಾಮಾನಿಗೆ ಅದರದೇ ಹೆಚ್ಚುವರಿ ಕವರ್ ಇಲ್ಲದಿದ್ದರೆ ಕೊಡುವುದಿಲ್ಲ. ಹಾಗಾಗಿ ಎಲೆಕ್ಟ್ರಾನಿಕ್ ಭಾಗಕ್ಕೆ 67,500, ಪ್ಲಾಸ್ಟಿಕ್ಕಿಗೆ 20,000, ಬ್ಯಾಟರಿಗೆ 3,000, ಕೂಲಿ 35,000. ಸೇರಿ 1,25,500. ಅದರಿಂದ 1,500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಕಳೆಯುವ 1,000 ಹೋದರೆ ಕಂಪನಿ ಕೊಡುವುದು 1,24,500. ನಿಮ್ಮ ಕೈಯಿಂದ 58,500. ಸವಕಳಿ ಕಳೆಯದ ಕವರ್, ಅಂದರೆ ಜೀರೋ ಡೆಪ್ರಿಸಿಯೇಷನ್, ಇದ್ದರೆ ಈ ಮೊತ್ತದ ದೊಡ್ಡ ಭಾಗ ಉಳಿಯುತ್ತದೆ.

ಅದೇ ಕಾರಿಗೆ ಬೆಳಿಗ್ಗೆ ಸೆಲ್ಫ್ ಹೊಡೆದಿದ್ದರೆ? ರಾಡು, ಪಿಸ್ಟನ್ನು, ಬೇರಿಂಗು, ಎಂಜಿನ್ ಇಳಿಸಿ ಏರಿಸುವ ಕೂಲಿ ಎಲ್ಲ ಸೇರಿ ಇನ್ನೊಂದು 1,40,000 ಎನ್ನೋಣ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದಿದ್ದರೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಕೈಯಿಂದ ಹೋಗುವುದು 1,98,500. ಆ ಕವರ್ ಇದ್ದವರೂ ಪಾಲಿಸಿಯ ಸಣ್ಣ ಅಕ್ಷರ ಓದಿಕೊಳ್ಳಿ. ನೀರು ಇಳಿದ ಇಂತಿಷ್ಟು ಹೊತ್ತಿನೊಳಗೆ ಗಾಡಿಯನ್ನು ಗ್ಯಾರೇಜಿಗೆ ಎಳೆಸಿರಬೇಕು ಎಂಬ ಗಡುವು ಕೆಲವು ಕಂಪನಿಗಳ ಕವರ್‌ನಲ್ಲಿದೆ. ಇಡೀ ಬಡಾವಣೆ ಮುಳುಗಿದ ದಿನ ಟೋಯಿಂಗ್ ಗಾಡಿ ಸಿಗುವುದಿಲ್ಲ. ಅದಕ್ಕೆ ಕರೆ ಮಾಡಿದ ಹೊತ್ತು, ಕಂಪನಿ ಕೊಟ್ಟ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ತಡ ನಿಮ್ಮಿಂದಾಗಿಲ್ಲ ಎಂದು ತೋರಿಸಲು ಅದೇ ಸಾಕ್ಷಿ.

ನೀರು ಡ್ಯಾಶ್‌ಬೋರ್ಡಿಗೆ ಬಂದಿದ್ದರೆ ಕಥೆಯೇ ಬೇರೆ. ರಿಪೇರಿಯ ವೆಚ್ಚ ಐಡಿವಿಯ 75% ದಾಟಿದರೆ, ಇಲ್ಲಿ 4,50,000 ದಾಟಿದರೆ, ಕಾರನ್ನು ಪೂರ್ಣ ನಷ್ಟ ಎಂದು ಪರಿಗಣಿಸಿ ಐಡಿವಿಯಿಂದ ಆ 1,000 ಕಳೆದು ಕೊಡುತ್ತಾರೆ. ಸಾಲ ಬಾಕಿ ಇದ್ದರೆ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ನವೀಕರಣದ ಹೊತ್ತಿಗೆ ಪ್ರೀಮಿಯಂ ನಾಲ್ಕು ಕಾಸು ಕಡಿಮೆಯಾಗಲಿ ಎಂದು ಐಡಿವಿಯನ್ನು ತಗ್ಗಿಸಿಕೊಂಡವರಿಗೆ ಅದರ ಬೆಲೆ ಅವತ್ತು ತಿಳಿಯುತ್ತದೆ. ಉಲ್ಟಾ ಕಡೆಯೂ ಯೋಚಿಸಿ: ನೀರು ಬರೀ ಕಾರ್ಪೆಟ್ಟು ತೋಯಿಸಿ ಹೋಗಿದ್ದರೆ, ಏಳೆಂಟು ಸಾವಿರದ ಕ್ಲೇಮಿಗಾಗಿ, ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ 50% ನೋ ಕ್ಲೇಮ್ ಬೋನಸ್ ಕಳೆದುಕೊಳ್ಳುವುದು ಲಾಭವಲ್ಲ. ಕೈಯಿಂದ ಕೊಟ್ಟು ಒಣಗಿಸಿಕೊಳ್ಳಿ.

ಎಲೆಕ್ಟ್ರಿಕ್ ಗಾಡಿಗಳ ಬಗ್ಗೆ ಕೇಳಿದವರಿಗೆ ಒಂದು ಮಾತು. ಬ್ಯಾಟರಿಗೆ ಐಪಿ67 ಎಂದು ಬರೆದಿರುತ್ತದೆ. ಅದರರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಪರೀಕ್ಷಿಸಿದ್ದಾರೆ ಎಂದು, ರಾತ್ರಿಯಿಡೀ ಮೋರಿ ನೀರಿನಲ್ಲಿ ಎಂದಲ್ಲ. ಮುಳುಗಿದ್ದ ಬ್ಯಾಟರಿಗೆ ದಿನಗಳ ನಂತರ ಬೆಂಕಿ ಹೊತ್ತಿಕೊಂಡ ಪ್ರಸಂಗಗಳು 2022ರ ಇಯಾನ್ ಚಂಡಮಾರುತದ ನಂತರ ಅಮೆರಿಕದ ಫ್ಲಾರಿಡಾದಲ್ಲಿ ನಡೆದಿವೆ. ಅಂಥ ಗಾಡಿಯನ್ನು ಚಾರ್ಜಿಗೆ ಹಾಕಬೇಡಿ. ತಂತ್ರಜ್ಞರ ಕೈಯಲ್ಲಿ ಎತ್ತಿಸಿ, ಬೇರೆ ಗಾಡಿಗಳಿಂದಲೂ ಕಟ್ಟಡದಿಂದಲೂ ದೂರ, ಬಯಲಲ್ಲಿ ನಿಲ್ಲಿಸಿ.

ನನ್ನನ್ನು ಹೆಚ್ಚು ಕಾಡುವುದು ಕಾರುಗಳಲ್ಲ, ಬೇಸ್‌ಮೆಂಟಿನ ಮೂಲೆಯ ಸ್ಕೂಟರುಗಳು. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಷೋರೂಮಿನವರು ಕೊಡುವ ಪತ್ರದಲ್ಲಿ ದೊಡ್ಡದಾಗಿ ಐದು ವರ್ಷದ ಮುಂದಿನ ತಾರೀಖು ಕಾಣುತ್ತದೆ. ಸ್ವಂತ ವಾಹನದ ಹಾನಿಯ ಭಾಗ ಸಾಮಾನ್ಯವಾಗಿ ಇರುವುದು ಮೊದಲ ಒಂದು ವರ್ಷ ಮಾತ್ರ, ಅದು ಬೇರೆ ಸಾಲಿನಲ್ಲಿ ಸಣ್ಣದಾಗಿ ಇರುತ್ತದೆ. ಪ್ರವಾಹದ ಹಾನಿ ಸಿಗುವುದು ಆ ಭಾಗದಿಂದಲೇ. ಥರ್ಡ್ ಪಾರ್ಟಿಯಿಂದ ಕಾಸೂ ಬರುವುದಿಲ್ಲ. ಕಾರುಗಳಲ್ಲಿಯೂ ಇದೇ ಕಥೆ, ಅಲ್ಲಿ ಐದರ ಬದಲು ಮೂರು ವರ್ಷ. ಇವತ್ತು ಸಂಜೆ ನಿಮ್ಮ ಪಾಲಿಸಿ ತೆಗೆದು ಓನ್ ಡ್ಯಾಮೇಜ್ ಎಂಬ ಸಾಲಿನ ಎದುರಿಗಿರುವ ತಾರೀಖನ್ನು ನೋಡಿ. ದಾಟಿದ್ದರೆ ಅದೊಂದನ್ನೇ ಪ್ರತ್ಯೇಕವಾಗಿ ಕೊಳ್ಳಬಹುದು, 2019ರ ಸೆಪ್ಟೆಂಬರಿನಿಂದ ಅದಕ್ಕೆ ಅವಕಾಶವಿದೆ. ಮನೆಗೆಲಸಕ್ಕೆ ಬರುವವರ, ಸೆಕ್ಯುರಿಟಿಯವರ ಗಾಡಿಗಳೂ ಅಲ್ಲೇ ನಿಲ್ಲುತ್ತವೆ. ಅವರು ನಿಮ್ಮ ವಾಟ್ಸಾಪ್ ಗುಂಪಿನಲ್ಲಿಲ್ಲ, ಅವರಿಗೂ ಈ ಮಾತು ತಲುಪಿಸಿ.

ಸಂಘದ ಕಟ್ಟಡ ವಿಮೆಯಿಂದ ನಿವಾಸಿಗಳ ಕಾರಿಗೆ ಹಣ ಸಿಗುತ್ತದೆಯೇ ಎಂದೂ ಕೇಳಿದ್ದಿರಿ. ಇಲ್ಲ. ಅದು ಕಟ್ಟಡಕ್ಕೆ, ಲಿಫ್ಟಿಗೆ, ಜನರೇಟರಿಗೆ, ಪಂಪಿಗೆ. ಕಾರಿನದು ಕಾರಿನ ಪಾಲಿಸಿಗೇ. ಇನ್ನೊಂದು ವಿಷಯ ಪದಾಧಿಕಾರಿಗಳಿಗೆ ತಿಳಿದಿರಲಿ. ಕ್ಲೇಮ್ ಕೊಟ್ಟ ಕಂಪನಿ ಮಾಲೀಕರ ಜಾಗದಲ್ಲಿ ನಿಂತು, ನಷ್ಟಕ್ಕೆ ಕಾರಣರಾದವರಿಂದ ಹಣ ವಸೂಲಿ ಮಾಡಲು ಹೋಗಬಹುದು. ವರ್ಷಗಟ್ಟಲೆ ಕೆಟ್ಟು ನಿಂತ ಪಂಪಿನ ಬಗ್ಗೆ ಲಿಖಿತ ದೂರುಗಳು ನಿಮ್ಮ ಕಡತದಲ್ಲೇ ಇದ್ದರೆ ಅದು ಸಂಘಕ್ಕೆ ಒಳ್ಳೆಯದಲ್ಲ.

ನೀರು ಇಳಿದ ಬೆಳಿಗ್ಗೆ ಸಂಘದಿಂದ ಆಗಬೇಕಾದದ್ದು ಇಷ್ಟು. ವಿದ್ಯುತ್ ಪೂರ್ತಿ ಕಡಿತವಾಗಿದೆ ಎಂದು ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಹೇಳುವವರೆಗೆ ಇಳಿಜಾರಿಗೆ ಹಗ್ಗ ಕಟ್ಟಿ. ಆಮೇಲೆ ಮ್ಯಾನೇಜರ್ ಒಬ್ಬರೇ ಸಾಲಾಗಿ ನಡೆದು ಪ್ರತಿ ಗಾಡಿಯ ಫೋಟೊ ತೆಗೆಯಲಿ: ನಂಬರ್ ಪ್ಲೇಟು, ಪಾರ್ಕಿಂಗ್ ಸಂಖ್ಯೆ, ಬಾಗಿಲ ಮೇಲೆ ಕೆಸರು ಬಿಟ್ಟುಹೋದ ಗೆರೆ. ಗಾಡಿ ತೊಳೆಯುವ ಹುಡುಗರನ್ನು ಅವತ್ತು ಒಳಗೆ ಬಿಡಬೇಡಿ. ನಾನು ಬರುವ ಹೊತ್ತಿಗೆ ಫಳಫಳ ಹೊಳೆಯುವ ಕಾರಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹುಡುಕುವುದು ನನಗೂ ಕಷ್ಟ, ನಿಮಗೂ ನಷ್ಟ. ಮಾಲೀಕರು ಬಾನೆಟ್ ತೆಗೆಯಲು ಬಂದರೆ ಬ್ಯಾಟರಿಯ ನೆಗೆಟಿವ್ ವೈರು ಕಳಚಲಿ, ಅಷ್ಟೇ. ಇಗ್ನಿಷನ್ನೂ ಬೇಡ, ಪವರ್ ವಿಂಡೋವೂ ಬೇಡ. ನೆನೆದ ಎಲೆಕ್ಟ್ರಾನಿಕ್ಸಿಗೆ ಕರೆಂಟು ಹರಿದರೆ ಒಣಗಿದ ಮೇಲೆ ಬದುಕಬಹುದಾಗಿದ್ದದ್ದೂ ಸುಟ್ಟುಹೋಗುತ್ತದೆ. ತಳ್ಳದೆ, ಹಗ್ಗ ಕಟ್ಟಿ ಎಳೆಯದೆ, ಫ್ಲಾಟ್‌ಬೆಡ್ ಮೇಲೆ ಹೋಗಲಿ. ಮೂಲ ಪಾಲಿಸಿಯಲ್ಲಿ ಖಾಸಗಿ ಕಾರು ಎಳೆಸುವುದಕ್ಕೆ ಕೊಡುವುದು 1,500 ರೂಪಾಯಿ ಮಾತ್ರ. ರಸ್ತೆಬದಿ ನೆರವಿನ ಕವರ್ ಇದ್ದವರು ಆ ಸಂಖ್ಯೆಗೇ ಕರೆ ಮಾಡಿ.

ಸಿಸಿಟಿವಿಯ ರೆಕಾರ್ಡರ್ ಈಗ ಇರುವುದು ಬೇಸ್‌ಮೆಂಟಿನ ಸೆಕ್ಯುರಿಟಿ ಕೊಠಡಿಯಲ್ಲಿ. ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ಏರಿತು ಎಂಬುದಕ್ಕೆ ಇರುವ ಒಂದೇ ಸಾಕ್ಷಿ ಅದು. ಅದೇ ಮೊದಲು ಮುಳುಗುತ್ತದೆ. ಮೇಲಿನ ಮಹಡಿಗೆ ಸ್ಥಳಾಂತರಿಸಿ. ಆ ದೃಶ್ಯವನ್ನು ಉಳಿಸಿ, ತಾರೀಖು, ಹೊತ್ತು, ನೀರಿನ ಎತ್ತರ, ಗಾಡಿ ಸಂಖ್ಯೆಗಳನ್ನು ಬರೆದು ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಕೊಟ್ಟರೆ ಐವತ್ತು ಮನೆಗಳ ಕೆಲಸ ಹಗುರಾಗುತ್ತದೆ.

ಕಂಪನಿ ಕೊಟ್ಟ ಮೊತ್ತ ಒಪ್ಪಿಗೆಯಾಗದಿದ್ದರೆ ಸರ್ವೇ ವರದಿಯ ಪ್ರತಿ ಕೇಳಿ ಪಡೆಯಿರಿ. ಯಾವ ಭಾಗಕ್ಕೆ ಎಷ್ಟು ಕಡಿತ, ಏಕೆ ಎಂಬುದು ಅದರಲ್ಲಿರುತ್ತದೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದದ್ದು ಸಮಾಧಾನ ತರದಿದ್ದರೆ, ವಿಮಾ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲೇ, ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಕಟ್ಟಡಕ್ಕೆ ಬಣ್ಣ ಬಳಿಸುವ ವಿಷಯ ಮೊದಲನೆಯದಾಗಿ ಇದೆ ಎಂದು ಕೇಳಿದೆ. ತಡೆ ಹಲಗೆ, ಉಬ್ಬು, ಗಾಳಿಕಿಂಡಿಯ ಕಟ್ಟೆ, ಪಂಪಿನ ಪ್ಯಾನೆಲ್ಲನ್ನು ನೆಲಮಹಡಿಗೆ ಏರಿಸುವುದು, ಈ ನಾಲ್ಕನ್ನೂ ಒಂದೇ ನಿರ್ಣಯವಾಗಿ ಅದಕ್ಕಿಂತ ಮುಂಚೆ ಇಡಬೇಕೆಂದು ಕೋರುತ್ತೇನೆ. ಮೇ ತಿಂಗಳ ಮುಂಗಾರುಪೂರ್ವ ಮಳೆಗೆ ಮೊದಲು ಕೆಲಸ ಮುಗಿಯಬೇಕಾದರೆ ಫೆಬ್ರವರಿಯಲ್ಲೇ ಕೊಟೇಷನ್ ತರಿಸಬೇಕು. ಹಲಗೆ ಮಾಡಿಕೊಡುವವರಿಗೆ ಅಳತೆ ಕೊಡುವಾಗ ಇಳಿಜಾರಿನ ಅಗಲವನ್ನು ಮೇಲೆ, ಕೆಳಗೆ ಎರಡೂ ಕಡೆ ಅಳೆಯಿರಿ. ನಿಮ್ಮ ಎಡಗೋಡೆ ನೆಟ್ಟಗಿಲ್ಲ.

ಇತಿ,
ನಿಮ್ಮ ವಿಶ್ವಾಸಿ,
ಒಬ್ಬ ವಾಹನ ವಿಮಾ ಸರ್ವೇಯರ್, ಬೆಂಗಳೂರು